ಗೋವಿನಜೋಳದ ಪುಟ್ ಆಪ್ಷನ್: ಯುರೋಪಿಯನ್ನೋ ಅಮೆರಿಕನ್ನೋ, ಮೊದಲು ನೋಡ್ರಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಮುಂಗಾರಿನ ಗೋವಿನಜೋಳ ಅಕ್ಟೋಬರ್-ನವೆಂಬರ್‌ನಲ್ಲಿ ಒಮ್ಮೆಲೇ ಮಾರುಕಟ್ಟೆಗೆ ಬರುತ್ತದೆ. ದರ ಬೀಳುವುದೂ ಆಗಲೇ. ಅದಕ್ಕೇ ಕೆಲವು ಯುವ ರೈತರು ಮೊಬೈಲ್‌ನಲ್ಲಿ ಪುಟ್ ಆಪ್ಷನ್ ಬಗ್ಗೆ ವಿಚಾರಿಸುತ್ತಿದ್ದಾರೆ. ಪುಟ್ ಅಂದ್ರೆ ಇಂತಿಷ್ಟು ದರಕ್ಕೆ ಮಾರುವ ಹಕ್ಕು. ಆ ಹಕ್ಕಿಗೆ ಮೊದಲೇ ಕೊಡುವ ಹಣ ಪ್ರೀಮಿಯಂ, ನಿಗದಿಯಾದ ದರ ಸ್ಟ್ರೈಕ್, ಕೊನೆಯ ದಿನ ಎಕ್ಸ್‌ಪೈರಿ.

ಈ ಹಕ್ಕನ್ನು ಯಾವಾಗ ಬಳಸಬಹುದು ಅನ್ನೋದರ ಮೇಲೆ ಎರಡು ಬಗೆ. ಎಕ್ಸ್‌ಪೈರಿ ದಿನ ಮಾತ್ರ ಬಳಸಬಹುದಾದದ್ದು ಯುರೋಪಿಯನ್. ಅಲ್ಲಿಯವರೆಗೆ ಯಾವ ದಿನವಾದರೂ ಬಳಸಬಹುದಾದದ್ದು ಅಮೆರಿಕನ್. ಇದು ಬರೀ ಹೆಸರು, ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಷಿಕಾಗೋದ ಗೋವಿನಜೋಳದ ಆಪ್ಷನ್ ಅಮೆರಿಕನ್ ಬಗೆಯದು. ನಮ್ಮ ಎಂಸಿಎಕ್ಸ್, ಎನ್‌ಸಿಡಿಇಎಕ್ಸ್‌ನ ಸರಕು ಆಪ್ಷನ್‌ಗಳು ಯುರೋಪಿಯನ್. ಎನ್‌ಎಸ್‌ಇಯಲ್ಲಿ ಷೇರುಗಳ ಆಪ್ಷನ್ ಮೊದಲು ಅಮೆರಿಕನ್ ಇತ್ತು, 2011ರಲ್ಲಿ ಯುರೋಪಿಯನ್ ಆಯಿತು.

ಇದರಿಂದ ದರದಲ್ಲಿ ಏನು ಬದಲಾಗುತ್ತದೆ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಇವತ್ತು ದರ ಕ್ವಿಂಟಲ್‌ಗೆ 2000 ರೂಪಾಯಿ, ಸ್ಟ್ರೈಕ್ ಕೂಡ 2000, ಎಕ್ಸ್‌ಪೈರಿಗೆ ಎರಡು ತಿಂಗಳು. ಪ್ರತಿ ತಿಂಗಳು ದರ ಶೇ. 10 ಏರುತ್ತದೆ, ಇಲ್ಲವೇ ಶೇ. 10 ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಬಡ್ಡಿ ತಿಂಗಳಿಗೆ ನೂರಕ್ಕೆ 2. ಗೋದಾಮಿನ ಖರ್ಚು ಬಿಟ್ಟಿದ್ದೇವೆ.

ಮೊದಲ ತಿಂಗಳಲ್ಲೇ ದರ 1800ಕ್ಕೆ ಇಳಿಯಿತು ಅಂದುಕೊಳ್ಳಿ. ಅಮೆರಿಕನ್ ಇದ್ದರೆ ಅವತ್ತೇ ಹಕ್ಕು ಬಳಸಿ 200 ರೂಪಾಯಿ ಲಾಭ ಪಡೆಯಬಹುದು. ಯುರೋಪಿಯನ್ ಇದ್ದರೆ 2000 ಸಿಗುವುದು ಇನ್ನೊಂದು ತಿಂಗಳ ಮೇಲೆ. ಮುಂದಿನ ತಿಂಗಳ 2000ಕ್ಕೆ ಇವತ್ತಿನ ಬೆಲೆ, ಬಡ್ಡಿ ಕಳೆದರೆ, ಸುಮಾರು 1961. ಅದರಲ್ಲಿ 1800 ತೆಗೆದರೆ ಉಳಿಯೋದು 161. ಅಂದ್ರೆ ಆ ದಿನ ಆಪ್ಷನ್ ಮಾರಲು ಹೋದರೆ 200 ಅಲ್ಲ, 161ರ ಆಸುಪಾಸು ಸಿಗುತ್ತದೆ. ಆ್ಯಪ್‌ನಲ್ಲಿ ಹೀಗೆ ಕಂಡರೆ ಮೋಸ ಆಯ್ತು ಅಂತ ತಿಳಿಯಬೇಡ್ರಿ, ಆ 39 ರೂಪಾಯಿ ಕಾಯಬೇಕಾದ ತಿಂಗಳ ಬಡ್ಡಿ.

ಮೊದಲು ಕೊಡುವ ಪ್ರೀಮಿಯಂನಲ್ಲೂ ಇದು ಕಾಣುತ್ತದೆ. ಏರಿಕೆಗೆ 60, ಇಳಿಕೆಗೆ 40 ತೂಕ ಕೊಟ್ಟರೆ 2200 ಮತ್ತು 1800ರ ಸರಾಸರಿ 2040 ಬರುತ್ತದೆ. ಅದು 2000 ಮತ್ತು ಅದರ ಬಡ್ಡಿ, ಹಾಗಾಗಿ ಇದೇ ಸರಿಯಾದ ತೂಕ. ಈ ತೂಕದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಯುರೋಪಿಯನ್ ಪುಟ್‌ಗೆ ಸುಮಾರು 68 ರೂಪಾಯಿ, ಅಮೆರಿಕನ್‌ಗೆ 83. ಬೇಕಾದ ದಿನ ಬಳಸುವ ಸ್ವಾತಂತ್ರ್ಯದ ಬೆಲೆ ಆ 15 ರೂಪಾಯಿ. ಬಡ್ಡಿ ಕಡಿಮೆಯಾದರೆ ಈ ಅಂತರವೂ ಕಡಿಮೆಯಾಗುತ್ತದೆ. ಎಂಸಿಎಕ್ಸ್‌ನಲ್ಲಿ ಬಹಳಷ್ಟು ಆಪ್ಷನ್ ಫ್ಯೂಚರ್ಸ್ ಮೇಲಿನವು. ಅಲ್ಲಿ ಫ್ಯೂಚರ್ಸ್ ದರ 1800 ಇದ್ದರೆ ಯುರೋಪಿಯನ್ ಪುಟ್ ಬೆಲೆ 196, ಅಂತರ ಬರೀ 4.

ಹಾಗಾದರೆ ರೈತ ಏನು ಮಾಡಬೇಕು? ಯುರೋಪಿಯನ್ ಆಪ್ಷನ್‌ನಲ್ಲಿ ತಿಂಗಳ ಆಯ್ಕೆಯೇ ಮುಖ್ಯ. ನವೆಂಬರ್‌ನಲ್ಲಿ ಜೋಳ ಮಾರುವವರು ಜನವರಿ ಎಕ್ಸ್‌ಪೈರಿ ತಗೊಂಡರೆ, ಮಾಲು ಹೋದ ಮೇಲೂ ಹಕ್ಕು ಕೈಯಲ್ಲೇ ಉಳಿಯುತ್ತದೆ, ಅದಕ್ಕೆ ಕೊಟ್ಟ ಪ್ರೀಮಿಯಂ ಕೂಡ ಹೆಚ್ಚು. ಮಾರುವ ದಿನಕ್ಕೆ ಹತ್ತಿರದ, ಸ್ವಲ್ಪ ಆಚೆಗಿನ ಎಕ್ಸ್‌ಪೈರಿ ಸಾಕು.

ಎರಡನೆಯದು, ಮಧ್ಯದಲ್ಲಿ ಹೊರಬರಲು ಒಂದೇ ದಾರಿ, ಆಪ್ಷನ್ ಅನ್ನೇ ಮಾರುವುದು. ಜೋಳವನ್ನು ಎಪಿಎಂಸಿಯಲ್ಲಿ ಮಾರಿ, ಆಪ್ಷನ್ ಅನ್ನು ಆ್ಯಪ್‌ನಲ್ಲಿ ಮಾರಬಹುದು. ಆದರೆ ಕೊಳ್ಳುವವರು ಇರಬೇಕಲ್ಲ? ಅಮೆರಿಕನ್‌ನಲ್ಲಿ ಕೊಳ್ಳುವವರು ಇಲ್ಲದಿದ್ದರೆ ಹಕ್ಕು ಬಳಸಬಹುದು, ಯುರೋಪಿಯನ್‌ನಲ್ಲಿ ಅದೂ ಇಲ್ಲ. ಹಾಗಾಗಿ ಪ್ರೀಮಿಯಂ ಕಟ್ಟುವ ಮೊದಲು ನಿಮ್ಮ ಬೆಳೆಯ ಆಪ್ಷನ್ ನಿಜಕ್ಕೂ ವಹಿವಾಟಿನಲ್ಲಿದೆಯೇ, ಕೊಳ್ಳುವವರ ದರ ಮತ್ತು ಮಾರುವವರ ದರದ ನಡುವೆ ಎಷ್ಟು ಅಂತರ ಇದೆ ನೋಡ್ರಿ. 160ಕ್ಕೆ ಮಾರುವವರಿದ್ದು 90ಕ್ಕೆ ಮಾತ್ರ ಕೊಳ್ಳುವವರಿದ್ದರೆ, ಆ ಹಕ್ಕನ್ನು ನಡುವೆ ಮಾರಿ ದುಡ್ಡು ಮಾಡಿಕೊಳ್ಳುವ ಆಸೆ ಬಿಡಬೇಕು.

ಮೂರನೆಯದು, ಎಕ್ಸ್‌ಪೈರಿವರೆಗೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ಬ್ರೋಕರ್‌ಗೆ ಮೊದಲೇ ಕೇಳಿ. ಸರಕಿನ ಮೇಲಿನ ಆಪ್ಷನ್ ಆದರೆ ವಿನಿಮಯ ಕೇಂದ್ರದ ಗೋದಾಮಿಗೆ ಗುಣಮಟ್ಟದ ಮಾಲು ಒಪ್ಪಿಸಬೇಕಾಗಬಹುದು. ಫ್ಯೂಚರ್ಸ್ ಮೇಲಿನದಾದರೆ ಅದು ಫ್ಯೂಚರ್ಸ್ ಆಗಿ ಬದಲಾಗಿ ಮಾರ್ಜಿನ್ ಹಣ ಕೇಳುತ್ತದೆ. ಎರಡಕ್ಕೂ ತಯಾರಿಲ್ಲದವರು ಕೊನೆಯ ದಿನಕ್ಕಿಂತ ಮೊದಲೇ ಆಪ್ಷನ್ ಮಾರಿಬಿಡುವುದು ಒಳ್ಳೆಯದು.

ಕೊನೆಯದಾಗಿ, ಯಾವ ಬಗೆಯದಾದರೂ ಅದು ಕಾಯುವುದು ವಿನಿಮಯ ಕೇಂದ್ರದ ದರವನ್ನು, ನಿಮ್ಮ ಊರಿನ ದರವನ್ನಲ್ಲ. ಅಲ್ಲಿ ದರ ನಿಂತು, ಇಲ್ಲಿ ತೇವಾಂಶ ಜಾಸ್ತಿ ಅಂತ ದರ ಇಳಿಸಿದರೆ ಪುಟ್‌ನಿಂದ ಒಂದು ರೂಪಾಯಿಯೂ ಬರುವುದಿಲ್ಲ.