ದೊಡ್ಡ ಕ್ಲೈಂಟ್‌ನ ‘ನಮಗೆ ಮಾತ್ರ’ ಷರತ್ತು

ದೊಡ್ಡ ಕಂಪನಿಯೊಂದು ಫ್ರೀಲ್ಯಾನ್ಸರ್‌ಗೆ ಕಳಿಸುವ ಕರಾರಿನಲ್ಲಿ ಎರಡು ಬಗೆಯ ನಿರ್ಬಂಧ ಇರಬಹುದು. ಕರಾರು ನಡೆಯುತ್ತಿರುವಷ್ಟು ಕಾಲ ಬೇರೆಯವರ ಕೆಲಸ ಹಿಡಿಯಬಾರದು ಎಂಬುದು ಒಂದು. ಇದಕ್ಕೆ ಎಕ್ಸ್‌ಕ್ಲೂಸಿವಿಟಿ ಎನ್ನುತ್ತಾರೆ. ಕಂಪನಿಯ ಪ್ರತಿಸ್ಪರ್ಧಿಗಳಿಗೆ ಈಗಲೂ, ಕರಾರು ಮುಗಿದ ಮೇಲೆ ಇಂತಿಷ್ಟು ತಿಂಗಳೂ ದುಡಿಯಬಾರದು ಎಂಬುದು ಇನ್ನೊಂದು, ಅದು ನಾನ್-ಕಂಪೀಟ್. ಹೆಚ್ಚಾಗಿ ಇವೆರಡೂ ಒಂದೇ ಉದ್ದನೆಯ ವಾಕ್ಯದಲ್ಲಿ ಬೆರೆತು, ಕರಾರು ನವೀಕರಿಸುವ ಹೊತ್ತಿಗೆ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಚೌಕಾಸಿಗೆ ಕೂರುವ ಮೊದಲು ಇವನ್ನು ಬೇರೆ ಬೇರೆ ಮಾಡಿ ಓದಬೇಕು. ಭಾರತದ ಕಾನೂನು ಇವೆರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಕಾನೂನುಬದ್ಧ ವೃತ್ತಿ, ವ್ಯಾಪಾರ ನಡೆಸದಂತೆ ಯಾರನ್ನಾದರೂ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅವರ ಪ್ರಚಾರ ವ್ಯವಹಾರ ನೋಡಿಕೊಳ್ಳುತ್ತಿದ್ದ ಪರ್ಸೆಪ್ಟ್ ಡಿಮಾರ್ಕ್ ಕಂಪನಿಯೊಂದಿಗಿನ ಕರಾರಿನಲ್ಲಿ, ಅವಧಿ ಮುಗಿದ ಮೇಲೆ ಬೇರೆಯವರಿಂದ ಬಂದ ಕೊಡುಗೆಯನ್ನು ಮೊದಲು ತನಗೆ ತಿಳಿಸಿ, ಅದಕ್ಕೆ ಸರಿಗಟ್ಟುವ ಅವಕಾಶ ಕೊಡಬೇಕು ಎಂಬ ಷರತ್ತಿತ್ತು. ಅವಧಿ ಮುಗಿದ ನಂತರ ಅದನ್ನು ಹೇರಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು.

ಇಷ್ಟು ಕೇಳಿದ ಅನೇಕರು ‘ಈ ಷರತ್ತು ಹೇಗೂ ನಿಲ್ಲುವುದಿಲ್ಲ’ ಎಂದು ಸಹಿ ಹಾಕಿಬಿಡುತ್ತಾರೆ. ಅದು ಅಪಾಯದ ತಿಳಿವಳಿಕೆ. ಕರಾರು ಜಾರಿಯಲ್ಲಿರುವಾಗಿನ ನಿರ್ಬಂಧಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಮಾನ್ಯತೆ ಕೊಡುತ್ತವೆ. 1967ರ ಗೋಲಿಕೇರಿ ಪ್ರಕರಣದಲ್ಲಿ, ಐದು ವರ್ಷದ ಕರಾರನ್ನು ನಡುವೆ ಬಿಟ್ಟು ಪ್ರತಿಸ್ಪರ್ಧಿ ಕಂಪನಿ ಸೇರಿದ ಉದ್ಯೋಗಿಯ ಮೇಲಿನ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ಫ್ರೀಲ್ಯಾನ್ಸರ್ ನಿಜವಾಗಿ ಹೆಣಗಬೇಕಾದದ್ದು ಕರಾರಿನ ಅವಧಿಯೊಳಗಿನ ನಿರ್ಬಂಧದ ಜೊತೆಗೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೈಸೂರಿನ ಒಬ್ಬ ಆ್ಯಪ್ ವಿನ್ಯಾಸಕಿಯ ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ ಬರುವ 1,20,000 ರೂಪಾಯಿಯಲ್ಲಿ 50,000 ಒಂದು ದೊಡ್ಡ ಪೇಮೆಂಟ್ ಕಂಪನಿಯದು, 40,000 ಸಣ್ಣ ಸಾಲ ಕೊಡುವ ಕಂಪನಿಯದು, ಉಳಿದ 30,000 ಚಿಲ್ಲರೆ ಕೆಲಸಗಳದು. ಪೇಮೆಂಟ್ ಕಂಪನಿ ಎರಡು ವರ್ಷದ ಹೊಸ ಕರಾರು ಕಳಿಸುತ್ತದೆ. ಹಣಕಾಸು ಕ್ಷೇತ್ರದ ಯಾವ ಸಂಸ್ಥೆಗೂ, ಅವಧಿಯುದ್ದಕ್ಕೂ ಮತ್ತು ಆನಂತರ 12 ತಿಂಗಳು, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸೇವೆ ಕೊಡಬಾರದು ಎಂದು ಅದರಲ್ಲಿದೆ. ಸಹಿ ಹಾಕಿದರೆ ಸಾಲದ ಕಂಪನಿಯ ಕೆಲಸ ಬಿಡಬೇಕು. ಎರಡು ವರ್ಷದಲ್ಲಿ ದೊಡ್ಡ ಕ್ಲೈಂಟ್ ಕೊಡುವುದು 12 ಲಕ್ಷ. ಅದೇ ಅವಧಿಯಲ್ಲಿ ಕೈತಪ್ಪುವುದು 9.6 ಲಕ್ಷ. ಅಂದರೆ ತಿಂಗಳಿಗೆ 50,000 ರೂಪಾಯಿಯ ಕೆಲಸ ಮಾಡಿ ಆಕೆಗೆ ನಿಜವಾಗಿ ದಕ್ಕುವುದು 10,000. ಮೂರನೆಯ ವರ್ಷವೂ ಷರತ್ತಿಗೆ ಕಟ್ಟುಬಿದ್ದರೆ ನಷ್ಟವೇ 14.4 ಲಕ್ಷವಾಗಿ ಗಳಿಕೆಯನ್ನು ಮೀರುತ್ತದೆ. ಚೌಕಾಸಿಗೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಬೇಕಿಲ್ಲ.

ಉತ್ತರದ ಮೊದಲ ಸಾಲಿನಲ್ಲಿ ನಿರಾಕರಣೆ ಇರಬಾರದು, ಪ್ರಶ್ನೆ ಇರಬೇಕು: ಈ ಷರತ್ತಿನಿಂದ ಕಂಪನಿ ಯಾವುದನ್ನು ಕಾಪಾಡಿಕೊಳ್ಳಬೇಕೆಂದಿದೆ? ಎಷ್ಟೋ ಸಲ ಷರತ್ತು ಕಾನೂನು ವಿಭಾಗದ ಸಿದ್ಧ ನಮೂನೆಯಿಂದ ಬಂದಿರುತ್ತದೆ, ಕೆಲಸ ಮಾಡಿಸಿಕೊಳ್ಳುವ ಮ್ಯಾನೇಜರ್‌ಗೆ ಅದು ಇರುವುದೇ ಗೊತ್ತಿರುವುದಿಲ್ಲ. ಆದ್ದರಿಂದ ಪ್ರಶ್ನೆ ಮೊದಲು ಆ ಮ್ಯಾನೇಜರ್‌ಗೇ ಹೋಗಲಿ. ಕೆಲಸ ಬೇಗ ಶುರುವಾಗಲೆಂದು ಬಯಸುವವರು ಅವರೇ. ಹೊಸ ವಿನ್ಯಾಸ ಬಿಡುಗಡೆಗೆ ಮುಂಚೆ ಪ್ರತಿಸ್ಪರ್ಧಿಗೆ ಗೊತ್ತಾಗಬಾರದು ಎಂಬುದು ಅವರ ಆತಂಕವಾದರೆ, ಅದಕ್ಕೆ ತಕ್ಕ ಮದ್ದು ಗೋಪ್ಯತೆಯ ಷರತ್ತು. ಅದನ್ನು ಬಿಗಿಯಾಗಿ ಬರೆದುಕೊಡಲು ಫ್ರೀಲ್ಯಾನ್ಸರ್ ಹಿಂಜರಿಯಬೇಕಿಲ್ಲ, ಅದರಿಂದ ಬೇರೆ ಕೆಲಸಕ್ಕೆ ಅಡ್ಡಿಯಿಲ್ಲ.

ಅಷ್ಟಕ್ಕೆ ಕಂಪನಿ ಒಪ್ಪದಿದ್ದರೆ ಷರತ್ತನ್ನು ಕಿರಿದು ಮಾಡುವ ಕೆಲಸ ಶುರುವಾಗುತ್ತದೆ. ‘ಹಣಕಾಸು ಕ್ಷೇತ್ರ’ ಎಂಬ ವಿಶಾಲವಾದ ಮಾತಿನ ಬದಲು ಎರಡೋ ಮೂರೋ ಪ್ರತಿಸ್ಪರ್ಧಿಗಳ ಹೆಸರು ಬರೆಸಬೇಕು. ಹೆಸರು ಕೇಳಿದಾಗ ಕಂಪನಿಯವರು ಕೊಡಲಾರದೆ ತಡವರಿಸಿದರೆ, ಷರತ್ತಿನ ಹಿಂದೆ ನಿಜವಾದ ಭಯವಿಲ್ಲ ಎಂದು ತಿಳಿಯಬಹುದು. ಈಗಿರುವ ಕ್ಲೈಂಟ್‌ಗಳಿಗೆ ವಿನಾಯಿತಿ ಕೇಳಬೇಕು. ಆದರೆ ಅವರ ಹೆಸರು ಕೊಡಲು ಆ ಕರಾರುಗಳ ಗೋಪ್ಯತೆ ಅಡ್ಡಬರುವುದಿಲ್ಲವೇ ಎಂದು ಮೊದಲು ನೋಡಿಕೊಳ್ಳಬೇಕು. ‘ಪರೋಕ್ಷವಾಗಿ’, ‘ಸಹಸಂಸ್ಥೆಗಳು’ ಎಂಬ ಪದಗಳನ್ನು ತೆಗೆಸುವುದು ಅವಶ್ಯ. ಕ್ಲೈಂಟ್‌ನ ಹತ್ತಾರು ಸಹಸಂಸ್ಥೆಗಳಿಗೆಲ್ಲ ಯಾರು ಪ್ರತಿಸ್ಪರ್ಧಿ ಎಂದು ಹೊರಗಿನವರು ತಿಳಿಯುವುದು ಅಸಾಧ್ಯ.

ಇನ್ನು ಬೆಲೆಯ ಮಾತು. ಮೈಸೂರಿನ ಉದಾಹರಣೆಯಲ್ಲಿ ಸಾಲದ ಕಂಪನಿಗೆ ವಿನಾಯಿತಿ ಸಿಕ್ಕಿ, ಹೆಸರಿಸಿದ ಮೂರು ಪೇಮೆಂಟ್ ಕಂಪನಿಗಳಿಗೆ ಮಾತ್ರ ನಿರ್ಬಂಧ ಉಳಿದರೆ ಆಕೆಗೆ ಈಗ ಆಗುವ ನಷ್ಟ ಏನೂ ಇಲ್ಲ. ಮುಂದೆ ಬರಬಹುದಾದ ಕೆಲಸ ತಪ್ಪುತ್ತದೆ ಎಂಬ ಕಾರಣಕ್ಕೆ ತಿಂಗಳಿಗೆ 10,000 ಹೆಚ್ಚುವರಿ ಕೇಳುವುದು ನ್ಯಾಯವೇ. ವಿನಾಯಿತಿ ಸಿಗದಿದ್ದರೆ ಕೇಳಬೇಕಾದದ್ದು ಕನಿಷ್ಠ 40,000. ಇದಕ್ಕಿಂತಲೂ ಮುಖ್ಯವಾದದ್ದು ಕನಿಷ್ಠ ಕೆಲಸದ ಖಾತರಿ. ‘ಬೇರೆಯವರಿಗೆ ಮಾಡಬೇಡ’ ಎನ್ನುವ ಕರಾರು ‘ಪ್ರತಿ ತಿಂಗಳು ಇಷ್ಟು ಕೊಡುತ್ತೇವೆ’ ಎನ್ನದಿದ್ದರೆ, ಕೆಲಸವಿಲ್ಲದ ತಿಂಗಳಲ್ಲೂ ಫ್ರೀಲ್ಯಾನ್ಸರ್‌ನ ಕೈಕಟ್ಟಿಯೇ ಇರುತ್ತದೆ. ಖಾತರಿಯಿಲ್ಲದ ಎಕ್ಸ್‌ಕ್ಲೂಸಿವಿಟಿಗೆ ಒಪ್ಪಲೇಬಾರದು.

ಅವಧಿಯೊಳಗಿನ ನಿರ್ಬಂಧವೇ ಬಲವಾದದ್ದಾದ್ದರಿಂದ, ಅವಧಿ ಎಷ್ಟು, ಅದರಿಂದ ಹೊರಬರುವ ದಾರಿ ಯಾವುದು ಎಂಬುದನ್ನು ನಿರ್ಬಂಧದ ಭಾಗವೆಂದೇ ಓದಬೇಕು. ಕಂಪನಿ 15 ದಿನದ ನೋಟಿಸಿನಲ್ಲಿ ಕರಾರು ಮುಗಿಸಬಹುದು, ಫ್ರೀಲ್ಯಾನ್ಸರ್ ಮಾತ್ರ 90 ದಿನ ಕಾಯಬೇಕು ಎಂಬಂಥ ಏರುಪೇರು ಇದ್ದರೆ ಇಬ್ಬರಿಗೂ 30 ದಿನ ಮಾಡಿಸಬೇಕು. ತಾನಾಗಿಯೇ ನವೀಕರಣವಾಗುವ ಷರತ್ತು ಬೇಡ. ಬಿಲ್ಲು 30 ದಿನ ಮೀರಿ ಬಾಕಿ ಉಳಿದರೆ ನಿರ್ಬಂಧ ತಂತಾನೇ ರದ್ದಾಗುತ್ತದೆ ಎಂಬ ಒಂದು ಸಾಲು ಸೇರಿಸಿದರೆ, ಹಣವೂ ಹೊತ್ತಿಗೆ ಸರಿಯಾಗಿ ಬರುವ ಸಂಭವ ಹೆಚ್ಚು.

ಕರಾರು ಮುಗಿದ ನಂತರದ 12 ತಿಂಗಳ ಭಾಗವನ್ನು ಹೇಗೂ ಅನೂರ್ಜಿತ ಎಂದು ಹಾಗೇ ಬಿಡುವುದೂ ಸರಿಯಲ್ಲ. ಅದನ್ನು ತೋರಿಸಿ ಕಂಪನಿ ಕೊನೆಯ ಬಿಲ್ಲನ್ನು ತಡೆಹಿಡಿಯಬಹುದು. ಹೊಸ ಕ್ಲೈಂಟ್ ‘ನಿಮ್ಮ ಮೇಲೆ ಯಾವುದೇ ನಿರ್ಬಂಧವಿಲ್ಲ ಎಂದು ಬರೆದುಕೊಡಿ’ ಎಂದಾಗ ಇಕ್ಕಟ್ಟಾಗುತ್ತದೆ. ವಿದೇಶಿ ಕ್ಲೈಂಟ್ ಆದರೆ ಯಾವ ದೇಶದ ಕಾನೂನು ಅನ್ವಯ ಎಂಬ ಸಾಲನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದ ಕಾನೂನು ಇಂಥ ಷರತ್ತನ್ನು ಬಹುಮಟ್ಟಿಗೆ ಅನೂರ್ಜಿತವೆನ್ನುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳು ನಿರ್ಬಂಧ ಸಮಂಜಸವೆನಿಸಿದರೆ, ಕರಾರು ಮುಗಿದ ಮೇಲೂ ಜಾರಿ ಮಾಡುತ್ತವೆ.

ಒಪ್ಪಿದ ಪ್ರತಿ ಬದಲಾವಣೆಯೂ ಸಹಿ ಹಾಕುವ ಪ್ರತಿಯೊಳಗೇ ಬರಬೇಕು. ‘ಅದು ಬರೀ ನಮೂನೆ, ನಾವು ಯಾರ ಮೇಲೂ ಹಾಕಿಲ್ಲ’ ಎಂದು ಮ್ಯಾನೇಜರ್ ಫೋನಿನಲ್ಲಿ ಕೊಟ್ಟ ಭರವಸೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಇಂಥ ಕರಾರುಗಳ ಕೊನೆಯ ಪುಟಗಳಲ್ಲಿ, ಇದರಲ್ಲಿ ಬರೆದಿರುವುದಷ್ಟೇ ಸಂಪೂರ್ಣ ಒಪ್ಪಂದ, ಹಿಂದಿನ ಮಾತುಕತೆಗಳಿಗೆ ಬೆಲೆಯಿಲ್ಲ ಎಂಬ ಕಲಮು ಸಾಮಾನ್ಯವಾಗಿ ಇದ್ದೇ ಇರುತ್ತದೆ.