ಬಿಡಿಸುವ ಮುನ್ನ ಒಮ್ಮೆ ಕರ್ಣ ನೋಡಿ

ಎಂಜಿನಿಯರಿಂಗ್ ಅಥವಾ ಬಿಎಸ್ಸಿ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ: ಕೆಳಗಿನ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳನ್ನು ಕಂಡುಹಿಡಿಯಿರಿ.

```
2  5  7
0  3  4
0  0  6
```

ಕೈ ತಾನಾಗಿಯೇ ಕರ್ಣದ ಮೂರೂ ಅಂಕಿಗಳಿಂದ λ ಕಳೆಯುತ್ತದೆ, ಡಿಟರ್ಮಿನೆಂಟ್ ಬಿಡಿಸುತ್ತದೆ. λ³ − 11λ² + 36λ − 36 = 0 ಎಂಬ ಸಮೀಕರಣ ಬರುತ್ತದೆ. ಆಮೇಲೆ ಅದನ್ನು ಒಡೆದು ಮೂಲಗಳನ್ನು ಹುಡುಕುವ ಕೆಲಸ. ಅರ್ಧ ಪುಟ ತುಂಬಿದ ಮೇಲೆ ಸಿಗುವ ಉತ್ತರ 2, 3, 6. ಈ ಮೂರೂ ಪ್ರಶ್ನೆಯಲ್ಲೇ, ಎಡಮೇಲಿನಿಂದ ಬಲಕೆಳಕ್ಕೆ ಇಳಿಯುವ ಕರ್ಣದ ಮೇಲೆ ಬರೆದಿದ್ದವು. ಇದು ಕಾಕತಾಳೀಯವಲ್ಲ.

ಮ್ಯಾಟ್ರಿಕ್ಸ್ ಎಂದರೆ ಒಂದು ವೆಕ್ಟರನ್ನು ತೆಗೆದುಕೊಂಡು ಇನ್ನೊಂದನ್ನು ಕೊಡುವ ಯಂತ್ರ. ಸಾಮಾನ್ಯವಾಗಿ ಹೊರಬರುವ ವೆಕ್ಟರಿನ ದಿಕ್ಕು ಬದಲಾಗಿರುತ್ತದೆ. ಕೆಲವು ವಿಶೇಷ ವೆಕ್ಟರುಗಳು ಮಾತ್ರ ತಮ್ಮ ಗೆರೆಯನ್ನು ಬಿಡುವುದಿಲ್ಲ. ಹಿಗ್ಗುತ್ತವೆ, ಕುಗ್ಗುತ್ತವೆ, ಇಲ್ಲವೇ ಹಿಂದುಮುಂದಾಗುತ್ತವೆ, ಅಷ್ಟೇ. ಎಷ್ಟು ಪಟ್ಟು ಎಂಬ ಸಂಖ್ಯೆಯೇ ಐಗನ್ ಮೌಲ್ಯ. λ ಒಂದು ಐಗನ್ ಮೌಲ್ಯವಾಗಬೇಕಾದರೆ, ಕರ್ಣದಿಂದ λ ಕಳೆದ ಮ್ಯಾಟ್ರಿಕ್ಸ್ ಶೂನ್ಯವಲ್ಲದ ಯಾವುದಾದರೂ ವೆಕ್ಟರನ್ನು ಶೂನ್ಯ ಮಾಡಬೇಕು. ಪರೀಕ್ಷೆ ಇಷ್ಟೇ. ಡಿಟರ್ಮಿನೆಂಟ್ ಈ ಪರೀಕ್ಷೆಯ ಒಂದು ವಿಧಾನ ಮಾತ್ರ.

ನಮ್ಮ ಮ್ಯಾಟ್ರಿಕ್ಸ್‌ನಲ್ಲಿ ಕರ್ಣದ ಕೆಳಗೆಲ್ಲ ಸೊನ್ನೆ. ಕರ್ಣದಲ್ಲಿಲ್ಲದ ಒಂದು ಸಂಖ್ಯೆಯನ್ನು, 4 ಎನ್ನೋಣ, ಕಳೆದು ನೋಡಿ. ಕರ್ಣ −2, −1, 2 ಆಗುತ್ತದೆ. ಕೊನೆಯ ಸಾಲು 2z = 0 ಎನ್ನುತ್ತದೆ, ಹಾಗಾಗಿ z ಸೊನ್ನೆ. ಮೇಲಿನ ಸಾಲಿಗೆ ಬಂದರೆ y ಸೊನ್ನೆ, ಇನ್ನೂ ಮೇಲೆ x ಕೂಡ ಸೊನ್ನೆ. ಯಾವ ವೆಕ್ಟರೂ ಉಳಿಯಲಿಲ್ಲ, 4 ಐಗನ್ ಮೌಲ್ಯವಲ್ಲ. ಈಗ 3 ಕಳೆಯಿರಿ. ಕರ್ಣ −1, 0, 3. ಕೊನೆಯ ಸಾಲಿನಿಂದ z ಸೊನ್ನೆಯೇ. ಆದರೆ ನಡುವಿನ ಸಾಲು y ಬಗ್ಗೆ ಏನನ್ನೂ ಹೇಳುವುದಿಲ್ಲ, ಅಲ್ಲಿ ಕರ್ಣವೇ ಖಾಲಿ. y = 1 ಎಂದಿಟ್ಟರೆ ಮೊದಲ ಸಾಲು x = 5 ಎಂದು ಕೊಡುತ್ತದೆ. (5, 1, 0) ಅನ್ನು ಮೂಲ ಮ್ಯಾಟ್ರಿಕ್ಸ್‌ಗೆ ಕೊಟ್ಟು ನೋಡಿ: (15, 3, 0) ಬರುತ್ತದೆ, ಸರಿಯಾಗಿ ಮೂರು ಪಟ್ಟು. ಕೆಳಗಿನಿಂದ ಮೇಲೇರುವ ಈ ದಾರಿಯಲ್ಲಿ ತಡೆ ಬರುವುದು ಕರ್ಣದಲ್ಲಿ ಸೊನ್ನೆ ಹುಟ್ಟಿದಾಗ ಮಾತ್ರ. ಆದ್ದರಿಂದಲೇ ತ್ರಿಕೋನ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳು ಕರ್ಣದ ಅಂಕಿಗಳೇ. ಮೇಲಿನ 5, 7, 4ರ ಜಾಗದಲ್ಲಿ ನೂರು, ಸಾವಿರ ಏನೇ ಬರೆದರೂ ಈ ಮೌಲ್ಯಗಳು ಬದಲಾಗವು, ವೆಕ್ಟರುಗಳು ಬದಲಾಗಬಹುದು. ಕರ್ಣದ ಎರಡೂ ಬದಿ ಸೊನ್ನೆ ಇದ್ದರೆ ಅದು ಕರ್ಣ ಮ್ಯಾಟ್ರಿಕ್ಸ್. ಅದಕ್ಕೆ ಬೇರೆ ವಾದವೇ ಬೇಡ.

ಬಿಡಿಸಿದರೆ ಸಮಯ ಹಾಳು, ಅಷ್ಟೇ ತಾನೇ ಎನ್ನಬಹುದು. ಅಷ್ಟೇ ಅಲ್ಲ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿದ್ದ ಜೇಮ್ಸ್ ವಿಲ್ಕಿನ್ಸನ್ ಕಂಪ್ಯೂಟರುಗಳ ಆರಂಭದ ದಿನಗಳಲ್ಲಿ ಒಂದು ಬಹುಪದಿಯನ್ನು ಪರೀಕ್ಷಿಸಿದರು. ಅದರ ಮೂಲಗಳು 1ರಿಂದ 20ರವರೆಗಿನ ಪೂರ್ಣ ಸಂಖ್ಯೆಗಳು. ಬಿಡಿಸಿದಾಗ ಅದರಲ್ಲಿ −210 ಎಂಬ ಒಂದು ಗುಣಾಂಕ ಬರುತ್ತದೆ. ಅದನ್ನು −210.0000001192 ಮಾಡಿದರೆ, 16 ಮತ್ತು 17 ಎಂಬ ಮೂಲಗಳು ಮಾಯವಾಗಿ ಸುಮಾರು 16.73 ± 2.81i ಎಂಬ ಸಂಕೀರ್ಣ ಸಂಖ್ಯೆಗಳಾಗುತ್ತವೆ! ಅದೇ ಇಪ್ಪತ್ತು ಸಂಖ್ಯೆಗಳನ್ನು ಒಂದು ಕರ್ಣ ಮ್ಯಾಟ್ರಿಕ್ಸ್‌ನಲ್ಲಿ ಇಟ್ಟು, ಒಂದಂಕಿಯನ್ನು ಅಷ್ಟೇ ಚೂರು ಅಲುಗಿಸಿ. ಒಂದು ಐಗನ್ ಮೌಲ್ಯ ಅಷ್ಟೇ ಚೂರು ಅಲುಗುತ್ತದೆ. ಕಣ್ಣೆದುರು ಸ್ಪಷ್ಟವಾಗಿದ್ದ ಮಾಹಿತಿಯನ್ನು ಗುಣಾಂಕಗಳಲ್ಲಿ ಹೂತಿಟ್ಟು ಮತ್ತೆ ಅಗೆಯಲು ಹೋದದ್ದರ ಫಲ ಇದು. ಇಂದಿನ ತಂತ್ರಾಂಶಗಳೂ ಈ ದಾರಿ ಹಿಡಿಯುವುದಿಲ್ಲ. 1960ರ ಆಸುಪಾಸಿನಲ್ಲಿ ಜಾನ್ ಫ್ರಾನ್ಸಿಸ್ ಮತ್ತು ವೆರಾ ಕುಬ್ಲನೊವ್ಸ್ಕಯಾ ಬೇರೆಬೇರೆಯಾಗಿ ಕಂಡುಕೊಂಡ ಕ್ಯೂಆರ್ ವಿಧಾನ, ಐಗನ್ ಮೌಲ್ಯಗಳನ್ನು ಕೆಡಿಸದೆ ಮ್ಯಾಟ್ರಿಕ್ಸನ್ನು ಹಂತಹಂತವಾಗಿ ತ್ರಿಕೋನದ ಹತ್ತಿರ ತರುತ್ತದೆ. ಕೊನೆಗೆ ಕರ್ಣವನ್ನು ಓದಿಕೊಳ್ಳುವುದಷ್ಟೇ ಬಾಕಿ.

‘ಕೆಡಿಸದೆ’ ಎನ್ನುವುದನ್ನು ಮರೆತವರೇ ಹೆಚ್ಚು ಎಡವುವುದು. ಒಂದು ಸಾಲಿನಿಂದ ಇನ್ನೊಂದು ಸಾಲಿನ ಇಷ್ಟು ಪಟ್ಟು ಕಳೆಯುವ ನಮ್ಮ ಹಳೇ ವಿಧಾನದಿಂದ ಯಾವ ಮ್ಯಾಟ್ರಿಕ್ಸನ್ನಾದರೂ ತ್ರಿಕೋನ ಮಾಡಬಹುದು. ಆದರೆ ಅದು ಐಗನ್ ಮೌಲ್ಯಗಳನ್ನೇ ಬದಲಿಸಿಬಿಡಬಹುದು. ಸಾಲುಗಳು (1, 2) ಮತ್ತು (2, 4) ಇರುವ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಎರಡನೇ ಸಾಲಿನಿಂದ ಮೊದಲನೆಯದರ ಎರಡು ಪಟ್ಟು ಕಳೆದರೆ ಕರ್ಣದಲ್ಲಿ 1 ಮತ್ತು 0 ಉಳಿಯುತ್ತವೆ. ನಿಜವಾದ ಐಗನ್ ಮೌಲ್ಯಗಳು 5 ಮತ್ತು 0. ತಪ್ಪನ್ನು ಹಿಡಿಯಲು ಒಂದೇ ಕೂಡಿಕೆ ಸಾಕು: ಐಗನ್ ಮೌಲ್ಯಗಳ ಮೊತ್ತ ಯಾವಾಗಲೂ ಮೂಲ ಮ್ಯಾಟ್ರಿಕ್ಸ್‌ನ ಕರ್ಣದ ಮೊತ್ತಕ್ಕೆ, ಅಂದರೆ ಟ್ರೇಸ್‌ಗೆ ಸಮ. ಇಲ್ಲಿ ಅದು 1 + 4 = 5.

ಇದೇ ಮ್ಯಾಟ್ರಿಕ್ಸನ್ನು 5ರಿಂದ ಭಾಗಿಸಿದರೆ ಮೂರನೇ ಬಗೆ ಸಿಗುತ್ತದೆ: ಪ್ರೊಜೆಕ್ಷನ್ ಮ್ಯಾಟ್ರಿಕ್ಸ್. ನೆಟ್ಟಗೆ ಬಿದ್ದ ಬಿಸಿಲು ನೆಲದ ಮೇಲೆ ನೆರಳು ಬೀಳಿಸುವಂತೆ, ಇದು ಪ್ರತಿ ಬಿಂದುವನ್ನೂ (1, 2) ದಿಕ್ಕಿನ ಗೆರೆಯ ಮೇಲೆ ಬೀಳಿಸುತ್ತದೆ. ನೆರಳಿಗೆ ಮತ್ತೆ ನೆರಳಿಲ್ಲ. ಎರಡು ಸಲ ಬೀಳಿಸಿದರೂ ಒಂದು ಸಲ ಬೀಳಿಸಿದಂತೆಯೇ. ಹಾಗಾಗಿ P² = P, ಅದರಿಂದ λ² = λ. ಇದನ್ನು ಒಪ್ಪುವ ಸಂಖ್ಯೆಗಳು ಎರಡೇ, 0 ಮತ್ತು 1. ಎಷ್ಟು ಒಂದುಗಳು? ಟ್ರೇಸ್ ಎಷ್ಟೋ ಅಷ್ಟು. ಇಲ್ಲಿ ಕರ್ಣದಲ್ಲಿರುವುದು 0.2 ಮತ್ತು 0.8. ಅವೇ ಐಗನ್ ಮೌಲ್ಯಗಳಲ್ಲ, ಆದರೆ ಮೊತ್ತ 1. ಹಾಗಾದರೆ ಒಂದು ‘1’, ಒಂದು ‘0’.

ಇದರ ನಿಜವಾದ ಉಪಯೋಗ ಕಾಣುವುದು ಸಂಖ್ಯಾಶಾಸ್ತ್ರದಲ್ಲಿ. ಐವರು ವಿದ್ಯಾರ್ಥಿಗಳ ಅಂಕಗಳು 40, 50, 55, 65, 90 ಎನ್ನಿ. ಸರಾಸರಿ 60. ಅದನ್ನು ಕಳೆದರೆ −20, −10, −5, 5, 30. ಸರಾಸರಿ ಕಳೆಯುವ ಈ ಕೆಲಸವೂ ಒಂದು ಮ್ಯಾಟ್ರಿಕ್ಸೇ. ಐದು ಸಾಲು, ಐದು ಕಂಬ; ಕರ್ಣದಲ್ಲೆಲ್ಲ 4/5, ಉಳಿದೆಡೆ −1/5. ಇದರ ಡಿಟರ್ಮಿನೆಂಟ್ ಬಿಡಿಸಲು ಹೊರಟರೆ ಸಂಜೆಯಾದೀತು. ಅದರ ಬದಲು ಕೇಳಿ: ಬಂದ ವ್ಯತ್ಯಾಸಗಳಿಂದ ಮತ್ತೆ ಸರಾಸರಿ ಕಳೆದರೆ ಏನಾಗುತ್ತದೆ? ಅವುಗಳ ಸರಾಸರಿ ಸೊನ್ನೆ, ಏನೂ ಬದಲಾಗುವುದಿಲ್ಲ. ಅಂದರೆ P² = P ಎಂದು ಒಂದೂ ಗುಣಾಕಾರ ಮಾಡದೆ ಗೊತ್ತಾಯಿತು. ಟ್ರೇಸ್ ಐದು ಸಲ 4/5, ಅಂದರೆ 4. ಐಗನ್ ಮೌಲ್ಯಗಳು 1, 1, 1, 1, 0. ಆ ಸೊನ್ನೆ ಯಾವ ದಿಕ್ಕಿನದು ಎಂದೂ ಹೇಳಬಹುದು: ಎಲ್ಲರಿಗೂ ಒಂದೇ ಅಂಕ ಬಂದ ತರಗತಿಯದು, ಅಲ್ಲಿ ಸರಾಸರಿ ಕಳೆದರೆ ಏನೂ ಉಳಿಯುವುದಿಲ್ಲ.

ಮಾದರಿಯಿಂದ ವೇರಿಯನ್ಸ್ ಅಂದಾಜು ಮಾಡುವಾಗ n ಬದಲು n − 1ರಿಂದ ಭಾಗಿಸಿ ಎಂದು ಮೇಷ್ಟ್ರು ಹೇಳಿದ್ದರ ಕಾರಣ ಈ ನಾಲ್ಕು ಒಂದುಗಳು. ಅಂಕಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಸರಾಸರಿಯ ಸುತ್ತ, ಒಂದೇ ಪ್ರಮಾಣದಲ್ಲಿ ಏರಿಳಿಯುತ್ತವೆ ಎಂದುಕೊಂಡರೆ, ವ್ಯತ್ಯಾಸಗಳ ವರ್ಗಗಳ ಮೊತ್ತ ಸರಾಸರಿಯಾಗಿ ನಿಜವಾದ ವೇರಿಯನ್ಸ್‌ನ ಟ್ರೇಸ್‌ನಷ್ಟು ಪಟ್ಟು ಇರುತ್ತದೆ, ಅಂದರೆ ನಾಲ್ಕು ಪಟ್ಟು. ನಮ್ಮ ಉದಾಹರಣೆಯಲ್ಲಿ ಆ ಮೊತ್ತ 1450. ಅದನ್ನು 4ರಿಂದ ಭಾಗಿಸಿದರೆ 362.5. ಸರಾಸರಿಯ ಬದಲು ಒಂದು ಸರಳರೇಖೆಯನ್ನು ಹೊಂದಿಸಿ ಅದನ್ನು ಕಳೆದರೆ, ಎತ್ತರ ಮತ್ತು ಇಳಿಜಾರು ಎಂಬ ಎರಡು ಅಂಶಗಳು ಸೊನ್ನೆಯಾಗುತ್ತವೆ. ಆಗ ಟ್ರೇಸ್ 3ಕ್ಕೆ ಇಳಿಯುತ್ತದೆ, ಭಾಜಕ n − 2 ಆಗುತ್ತದೆ.