ಡಾಲರ್ ಇನ್‌ವಾಯ್ಸ್, ರೂಪಾಯಿ ಜಮಾ: ವಿನಿಮಯ ಲಾಭ-ನಷ್ಟವನ್ನು ತಾಳೆ ನೋಡುವ ಬಗೆ

ವಿದೇಶದ ಗಿರಾಕಿಗೆ ಡಾಲರಿನಲ್ಲಿ ಬಿಲ್ ಮಾಡಿದ ದಿನ ಇದ್ದ ದರವೇ ಹಣ ಕೈಸೇರುವ ದಿನವೂ ಇರುವುದು ಅಪರೂಪ. ಈ ನಡುವೆ ದರ ಏರಿದರೆ ರಫ್ತುದಾರನಿಗೆ ಲಾಭ, ಇಳಿದರೆ ನಷ್ಟ. ಇದನ್ನೇ ಲೆಕ್ಕಪುಸ್ತಕದಲ್ಲಿ ವಿದೇಶಿ ವಿನಿಮಯ ಲಾಭ ಅಥವಾ ನಷ್ಟ ಎಂದು ಬರೆಯುತ್ತಾರೆ. ಆದರೆ ಬಿಲ್ಲಿನ ರೂಪಾಯಿ ಮೊತ್ತಕ್ಕೂ ಬ್ಯಾಂಕಿಗೆ ಜಮಾ ಆದ ಮೊತ್ತಕ್ಕೂ ಇರುವ ವ್ಯತ್ಯಾಸವೆಲ್ಲ ದರದ ಏರಿಳಿತದಿಂದಲೇ ಬಂದದ್ದಲ್ಲ. ಬ್ಯಾಂಕುಗಳ ಶುಲ್ಕ, ತೆರಿಗೆ, ಗಿರಾಕಿ ಹಿಡಿದುಕೊಂಡ ಹಣ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇವನ್ನು ಒಂದೊಂದಾಗಿ ಬೇರ್ಪಡಿಸಿದ ಮೇಲೆ ಉಳಿಯುವುದಷ್ಟೇ ನಿಜವಾದ ವಿನಿಮಯ ಲಾಭ-ನಷ್ಟ.

ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಬಿಲ್ಲನ್ನು ಯಾವ ದರದಲ್ಲಿ ದಾಖಲಿಸಲಾಗಿದೆ ಎಂಬುದನ್ನು. ಭಾರತದ ಲೆಕ್ಕಪತ್ರ ಮಾನದಂಡ 11ರ ಪ್ರಕಾರ ವಹಿವಾಟು ನಡೆದ ದಿನದ ವಿನಿಮಯ ದರವನ್ನು ಬಳಸಬೇಕು. ದರದಲ್ಲಿ ಭಾರೀ ಏರಿಳಿತ ಇಲ್ಲದಿದ್ದರೆ ಒಂದು ವಾರದ ಅಥವಾ ತಿಂಗಳ ಸರಾಸರಿಗೂ ಅವಕಾಶವಿದೆ. ರಿಸರ್ವ್ ಬ್ಯಾಂಕ್ ಹಿಂದೆ ಪ್ರಕಟಿಸುತ್ತಿದ್ದ ಉಲ್ಲೇಖ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಸಂಸ್ಥೆ ಪ್ರತಿ ಕೆಲಸದ ದಿನ ಪ್ರಕಟಿಸುತ್ತಿದೆ. ಹಲವರು ಅದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಶಿಪ್ಪಿಂಗ್ ಬಿಲ್‌ನಲ್ಲಿ ಕಾಣುವ ಕಸ್ಟಮ್ಸ್ ದರ ಬೇರೆಯೇ. ಅದನ್ನು ಇಲಾಖೆ ಒಂದು ಅವಧಿಗೆಂದು ನಿಗದಿ ಮಾಡುತ್ತದೆ. ಸರಕಿನ ರಫ್ತಿಗೆ ಜಿಎಸ್‌ಟಿ ಮೌಲ್ಯ ಕಟ್ಟಲು ಆ ದರ ಬೇಕು. ಹೀಗಾಗಿ ಜಿಎಸ್‌ಟಿ ರಿಟರ್ನ್‌ನ ಮಾರಾಟ ಮೊತ್ತಕ್ಕೂ ಪುಸ್ತಕದ ಮಾರಾಟ ಮೊತ್ತಕ್ಕೂ ವ್ಯತ್ಯಾಸ ಕಂಡರೆ ಅದು ವಿನಿಮಯ ಲಾಭವೂ ಅಲ್ಲ, ನಷ್ಟವೂ ಅಲ್ಲ. ಎರಡು ದರಗಳ ನಡುವಿನ ಅಂತರಕ್ಕೆ ಪ್ರತ್ಯೇಕ ತಾಳೆಪಟ್ಟಿ ಇಟ್ಟರೆ ಸಾಕು.

ಒಂದು ಉದಾಹರಣೆ ನೋಡಬಹುದು. ಚಿಕ್ಕಮಗಳೂರಿನ ಕಾಫಿ ರಫ್ತುದಾರನೊಬ್ಬ ಮಾರ್ಚ್ ಮೊದಲ ವಾರದಲ್ಲಿ ಇಟಲಿಯ ಗಿರಾಕಿಗೆ 10,000 ಡಾಲರಿನ ಬಿಲ್ ಮಾಡಿದ್ದಾನೆ ಎಂದುಕೊಳ್ಳೋಣ. ಅಂದಿನ ದರ 83 ರೂಪಾಯಿ. ಪುಸ್ತಕದಲ್ಲಿ ಮಾರಾಟವೂ ಗಿರಾಕಿಯ ಬಾಕಿಯೂ 8,30,000 ರೂಪಾಯಿ. ಹಣ ಬಂದದ್ದು ಮೇ ತಿಂಗಳಲ್ಲಿ. ರಫ್ತುದಾರನ ಖಾತೆಗೆ ಜಮಾ ಆದದ್ದು 8,37,462.50 ರೂಪಾಯಿ. ಎರಡರ ವ್ಯತ್ಯಾಸ 7,462.50 ರೂಪಾಯಿಯನ್ನು ನೇರವಾಗಿ ವಿನಿಮಯ ಲಾಭ ಎಂದು ಬರೆದರೆ ಲೆಕ್ಕ ಕೂಡುತ್ತದೆ, ಆದರೆ ತಪ್ಪಾಗಿರುತ್ತದೆ.

ತಪ್ಪು ಇದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಜಮಾ ಆದ ರೂಪಾಯಿಯನ್ನು ಬಿಲ್ಲಿನ ಡಾಲರಿನಿಂದ ಭಾಗಿಸಬೇಕು. ಇಲ್ಲಿ ಬರುವುದು 83.746. ಬ್ಯಾಂಕಿನ ಸಲಹಾ ಪತ್ರದಲ್ಲಿ ಮಾತ್ರ ಪರಿವರ್ತನೆಯ ದರ 84.10 ಎಂದಿದೆ. ಎರಡೂ ಹೊಂದದಿದ್ದರೆ ನಡುವೆ ಬೇರೇನೋ ಕಡಿತವಾಗಿದೆ ಎಂದೇ ಅರ್ಥ.

ಕಡಿತ ಎಲ್ಲಿ ಆಯಿತೆಂದು ಹುಡುಕಲು ರೂಪಾಯಿಯನ್ನು ಬದಿಗಿಟ್ಟು ಮೊದಲು ಡಾಲರಿನ ಲೆಕ್ಕ ನೋಡಬೇಕು. ಬ್ಯಾಂಕಿನ ಸಲಹಾ ಪತ್ರದ ಪ್ರಕಾರ ಬಂದದ್ದು 9,975 ಡಾಲರ್. ಉಳಿದ 25 ಡಾಲರ್ ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕ್ ಹಿಡಿದುಕೊಂಡಿತೋ, ಗಿರಾಕಿಯೇ ಕಡಿಮೆ ಕಳಿಸಿದನೋ ಎಂಬುದು ಮುಂದಿನ ಪ್ರಶ್ನೆ. ಸ್ವಿಫ್ಟ್ ಸಂದೇಶದ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆದರೆ ಗಿರಾಕಿ ಕಳಿಸಿದ ಮೂಲ ಮೊತ್ತವೂ ಕಡಿತವಾದ ಶುಲ್ಕವೂ ಕಾಣುತ್ತವೆ. ಶುಲ್ಕ ಯಾರ ಪಾಲಿಗೆ ಎಂಬುದನ್ನು ಅದರಲ್ಲಿನ ಸಂಕೇತ ಹೇಳುತ್ತದೆ. `OUR` ಎಂದಿದ್ದರೆ ಕಳಿಸಿದವನದು, `BEN` ಎಂದಿದ್ದರೆ ಪಡೆದವನದು, `SHA` ಎಂದಿದ್ದರೆ ಇಬ್ಬರಿಗೂ ಹಂಚಿಕೆ. ಗಿರಾಕಿ ಪೂರ್ತಿ 10,000 ಕಳಿಸಿದ್ದು ಅಲ್ಲಿ ಕಂಡರೆ 25 ಡಾಲರ್ ಬ್ಯಾಂಕ್ ಶುಲ್ಕದ ಖರ್ಚು. ಕಳಿಸಿದ್ದೇ 9,975 ಆಗಿದ್ದರೆ ಅದು ಗಿರಾಕಿಯಿಂದ ಬರಬೇಕಾದ ಬಾಕಿ. ಗುಣಮಟ್ಟದ ತಕರಾರಿನಿಂದ ಹಿಡಿದುಕೊಂಡ ಹಣವಾದರೆ ಕ್ರೆಡಿಟ್ ನೋಟ್ ಬೇಕು. ಮೂರರಲ್ಲಿ ಯಾವುದಾದರೂ ಸರಿ, ಅದನ್ನು ವಿನಿಮಯ ನಷ್ಟಕ್ಕೆ ಸೇರಿಸುವಂತಿಲ್ಲ. ಈ ಉದಾಹರಣೆಯಲ್ಲಿ ಅದು ಬ್ಯಾಂಕ್ ಶುಲ್ಕವೇ ಆಗಿತ್ತು ಎಂದುಕೊಂಡರೆ 84.10ರ ದರದಲ್ಲಿ ಅದರ ಬೆಲೆ 2,102.50 ರೂಪಾಯಿ.

ಬಂದ 9,975 ಡಾಲರನ್ನು 84.10ರಿಂದ ಗುಣಿಸಿದರೆ 8,38,897.50 ರೂಪಾಯಿ. ಜಮಾ ಆದದ್ದು ಇದಕ್ಕಿಂತ 1,435 ರೂಪಾಯಿ ಕಡಿಮೆ. ಸಲಹಾ ಪತ್ರ ನೋಡಿದರೆ ಸ್ಥಳೀಯ ಬ್ಯಾಂಕಿನ ಶುಲ್ಕ 500 ರೂಪಾಯಿ, ಜಿಎಸ್‌ಟಿ 935 ರೂಪಾಯಿ. ಶುಲ್ಕಕ್ಕೆ ಹಾಕುವ ಜಿಎಸ್‌ಟಿ 90 ರೂಪಾಯಿ ಮಾತ್ರ. ಉಳಿದ 845 ರೂಪಾಯಿ ಡಾಲರನ್ನು ರೂಪಾಯಿಗೆ ಬದಲಿಸಿದ ಸೇವೆಯ ಮೇಲಿನ ತೆರಿಗೆ. ಕರೆನ್ಸಿ ಬದಲಾವಣೆಯ ಸೇವೆಗೂ ಜಿಎಸ್‌ಟಿ ಇದೆ ಎಂಬುದು ತಿಳಿಯದೆ ಈ ಮೊತ್ತವನ್ನು ದರದ ನಷ್ಟವೆಂದು ಭಾವಿಸುವುದುಂಟು. ಬ್ಯಾಂಕಿನ ತೆರಿಗೆ ಬಿಲ್ ಇದ್ದು, ಅರ್ಹತೆ ಇದ್ದರೆ ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ವಿನಿಮಯ ನಷ್ಟದಲ್ಲಿ ಹುದುಗಿಹೋದರೆ ಆ ಕ್ರೆಡಿಟ್ಟೂ ಕೈತಪ್ಪುತ್ತದೆ.

ಈಗ ವಿನಿಮಯ ವ್ಯತ್ಯಾಸದ ಲೆಕ್ಕ. ದರ 83ರಿಂದ 84.10ಕ್ಕೆ, ಅಂದರೆ ಡಾಲರಿಗೆ 1.10 ರೂಪಾಯಿ ಏರಿದೆ. 10,000 ಡಾಲರಿಗೆ ಒಟ್ಟು ಲಾಭ 11,000 ರೂಪಾಯಿ. ಇದರಿಂದ 2,102.50, 500 ಮತ್ತು 935 ಕಳೆದರೆ ಮೊದಲು ಕಂಡ 7,462.50 ಸರಿಯಾಗಿ ಸಿಗುತ್ತದೆ. ಒಂದು ಪೈಸೆಯೂ ವಿವರಣೆಯಿಲ್ಲದೆ ಉಳಿಯದಿದ್ದಾಗ ತಾಳೆ ಮುಗಿಯಿತು ಎನ್ನಬಹುದು.

ಆದರೆ ಈ 11,000 ಪೂರ್ತಿಯಾಗಿ ಹಣ ಬಂದ ವರ್ಷಕ್ಕೆ ಸೇರುವುದಿಲ್ಲ. ಬಿಲ್ಲಿಗೂ ಹಣಕ್ಕೂ ನಡುವೆ ಮಾರ್ಚ್ 31 ದಾಟಿದೆ. ವರ್ಷದ ಕೊನೆಯಲ್ಲಿ ವಿದೇಶಿ ಕರೆನ್ಸಿಯಲ್ಲಿ ಬರಬೇಕಾದ ಬಾಕಿಯನ್ನೆಲ್ಲ ಅಂದಿನ ದರಕ್ಕೆ ಮತ್ತೆ ಲೆಕ್ಕ ಹಾಕಬೇಕೆಂದು ಅದೇ ಮಾನದಂಡ ಹೇಳುತ್ತದೆ. ಅಂದಿನ ದರ 83.40 ಆಗಿದ್ದರೆ ಗಿರಾಕಿಯ ಬಾಕಿ 8,34,000 ರೂಪಾಯಿ ಆಗುತ್ತದೆ. 4,000 ರೂಪಾಯಿ ಲಾಭ ಹಳೆಯ ವರ್ಷಕ್ಕೆ ಹೋಗುತ್ತದೆ. ಹೊಸ ವರ್ಷಕ್ಕೆ ಉಳಿಯುವುದು 7,000 ಮಾತ್ರ. ಮಾರ್ಚ್ 31ರ ಮರುಲೆಕ್ಕ ಮರೆತರೆ ಎರಡೂ ವರ್ಷಗಳ ಲಾಭ ತಪ್ಪುತ್ತದೆ. ಮರುಲೆಕ್ಕ ಮಾಡಿಯೂ ಹಣ ಬಂದಾಗ ಹಳೆಯ 83ರ ದರದಿಂದಲೇ ಎಣಿಸಿದರೆ 4,000 ರೂಪಾಯಿ ಎರಡು ಸಲ ಲಾಭವಾಗಿ ಕೂಡಿಕೊಳ್ಳುತ್ತದೆ. ಆಗ ಗಿರಾಕಿಯ ಖಾತೆಯಲ್ಲಿ ಡಾಲರ್ ಬಾಕಿ ಸೊನ್ನೆ ಇದ್ದರೂ ರೂಪಾಯಿ ಬಾಕಿ 4,000 ಉಳಿದಿರುತ್ತದೆ. ಲೆಕ್ಕಪರಿಶೋಧಕರು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು.

ಬ್ಯಾಂಕ್ ಕೊಟ್ಟ ದರವನ್ನೂ ಪರಿಶೀಲಿಸಬೇಕು. ಅಂದಿನ ಉಲ್ಲೇಖ ದರ 84.35 ಆಗಿದ್ದು ಬ್ಯಾಂಕ್ 84.10 ಕೊಟ್ಟಿದ್ದರೆ 25 ಪೈಸೆ ಅದರ ಮಾರ್ಜಿನ್. 9,975 ಡಾಲರಿಗೆ ಅದು ಸುಮಾರು 2,494 ರೂಪಾಯಿ, ಎಂದರೆ ಸಲಹಾ ಪತ್ರದಲ್ಲಿ ಕಾಣುವ ಶುಲ್ಕದ ಐದು ಪಟ್ಟು. ದಿನದೊಳಗೂ ದರ ಬದಲಾಗುವುದರಿಂದ ಅಂತರ ಪೂರ್ತಿ ಮಾರ್ಜಿನ್ ಆಗಿರಬೇಕೆಂದಿಲ್ಲ. ಪ್ರತಿ ಸಲವೂ ಇಷ್ಟೇ ಅಂತರ ಬರುತ್ತಿದ್ದರೆ ಮಾತ್ರ ಬ್ಯಾಂಕಿನೊಂದಿಗೆ ಮಾತಾಡಿ ಮಾರ್ಜಿನ್ ಇಳಿಸಿಕೊಳ್ಳಲು ಅವಕಾಶವಿದೆ.

ಈ ಕ್ರಮ ಹಾಗೆಯೇ ಅನ್ವಯಿಸದ ಎರಡು ಸಂದರ್ಭಗಳಿವೆ. ಗಿರಾಕಿ ಮುಂಗಡ ಕೊಟ್ಟಿದ್ದರೆ ಆ ಭಾಗದ ಮಾರಾಟ ಮುಂಗಡ ಬಂದ ದಿನದ ದರದಲ್ಲೇ ದಾಖಲಾಗುತ್ತದೆ. ಮುಂಗಡ ತೀರುವುದು ಸರಕಿನಿಂದ, ಹಣದಿಂದಲ್ಲ. ಆದ್ದರಿಂದ ಅದರ ಮೇಲೆ ವಿನಿಮಯ ಲಾಭ-ನಷ್ಟ ಹುಟ್ಟುವುದಿಲ್ಲ. ರಫ್ತುದಾರ ಬ್ಯಾಂಕಿನೊಂದಿಗೆ ಮುಂಚೆಯೇ ಫಾರ್ವರ್ಡ್ ಒಪ್ಪಂದ ಮಾಡಿಕೊಂಡಿದ್ದರೆ ಡಾಲರ್ ಬದಲಾಗುವುದು ಒಪ್ಪಂದದ ದರದಲ್ಲಿ, ಅಂದಿನ ಮಾರುಕಟ್ಟೆ ದರದಲ್ಲಲ್ಲ. ಅಂಥ ಒಪ್ಪಂದದ ಲಾಭ-ನಷ್ಟಕ್ಕೆ ಪ್ರತ್ಯೇಕ ಲೆಕ್ಕ ಬೇಕು. ಅದನ್ನು ಗಿರಾಕಿಯ ಬಾಕಿಯ ವ್ಯತ್ಯಾಸದೊಂದಿಗೆ ಬೆರೆಸಿದರೆ ಎರಡನ್ನೂ ತಾಳೆ ನೋಡಲಾಗುವುದಿಲ್ಲ.